ಹೊಸಬರ ಮನೆ ಬಾಗಿಲಲ್ಲಿ ಮೊದಲ ಮಾತು: ದೇವರ ಹೆಸರು ಸೇರಿಸಬೇಕೋ, ಬೇಡವೋ?

ಕಲಬುರಗಿ ಕಡೆ ಮನೆ ಮನೆಗೆ ಹೋಗುವ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಶಾ ಕಾರ್ಯಕರ್ತೆಯರು, ಗಣತಿಗೆ ಹೋಗುವ ಶಿಕ್ಷಕರು, ಸಂಘದ ಸಾಲದ ಕಂತು ಕೇಳಲು ಹೋಗುವವರು, ಹೊಸ ಓಣಿಗೆ ಬಾಡಿಗೆಗೆ ಬಂದು ನೆರೆಯವರನ್ನು ಮಾತಾಡಿಸಬೇಕಾದವರು, ಎಲ್ಲರಿಗೂ ಬಾಗಿಲ ಮುಂದೆ ನಿಂತಾಗ ಈ ಪ್ರಶ್ನೆ ಎದುರಾಗುತ್ತದೆ. ಒಳಗಿಂದ ಬರುವವರು ಯಾರನ್ನು ನಂಬುತ್ತಾರೋ ಗೊತ್ತಿಲ್ಲ. ನಮ್ಮ ಬಾಯಿಗೆ ಮಾತ್ರ ಹುಟ್ಟಿದಾಗಿನಿಂದ ರೂಢಿಯಾದ ಮಾತುಗಳಿವೆ. ‘ಶರಣಬಸಪ್ಪ ಛಲೋ ಮಾಡ್ಲಿ’ ಎನ್ನುವವರಿದ್ದಾರೆ, ‘ಅಲ್ಲಾಹ್ ಖೈರ್ ಕರೇ’ ಎನ್ನುವವರಿದ್ದಾರೆ, ‘ಯೇಸಪ್ಪ ಕಾಪಾಡ್ಲಿ’ ಎನ್ನುವವರೂ ಇದ್ದಾರೆ. ಅದನ್ನು ಹೇಳಬೇಕೋ, ನುಂಗಿಕೊಳ್ಳಬೇಕೋ?

ನನ್ನ ಉತ್ತರ ಇಷ್ಟು: ಬಾಗಿಲಲ್ಲಿ ಸಾದಾ ನಮಸ್ಕಾರ, ಹಾರೈಕೆ ಹೊರಡುವಾಗ. ನಡುವಿನ ಹೊತ್ತಿನಲ್ಲಿ ಕಿವಿ ತೆರೆದಿರಬೇಕು. ಇದನ್ನು ನಡೆಸುವ ಬಗೆಯನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಬಾಯಿಗೆ ಬರುವ ಮಾತು ಯಾವ ಬಗೆಯದು ನೋಡಿಕೊಳ್ಳಿ

ಭೇಟಿಯಲ್ಲಿ ನಾವು ಆಡುವ ಮಾತು ಮೂರು ಬಗೆ. ಮೊದಲನೆಯದು ಬರೀ ಮರ್ಯಾದೆಯ ಮಾತು. ‘ನಮಸ್ಕಾರ್ರೀ’, ‘ಹ್ಯಾಂಗ ಅದೀರಿ?’, ‘ಆರಾಮ ಅದೀರೇನ್ರೀ?’ ಇವು ಆ ಜಾತಿಯವು. ಇದರಲ್ಲಿ ಯಾವ ದೇವರೂ ಇಲ್ಲ, ಯಾವ ಗುರುವೂ ಇಲ್ಲ.

ಎರಡನೆಯದು ಒಂದು ಬಳಗದವರು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ಮಾತು. ಲಿಂಗಾಯತರಲ್ಲಿ ‘ಶರಣು ಶರಣಾರ್ಥಿ’, ಮುಸ್ಲಿಮರಲ್ಲಿ ‘ಅಸ್ಸಲಾಮು ಅಲೈಕುಂ’, ಅಂಬೇಡ್ಕರರ ಹಾದಿಯವರಲ್ಲಿ ‘ಜೈ ಭೀಮ್’, ಲಂಬಾಣಿ ತಾಂಡಾಗಳಲ್ಲಿ ‘ಜೈ ಸೇವಾಲಾಲ್’, ಬೀದರಿನ ನಾನಕ್ ಝೀರಾ ಕಡೆ ‘ಸತ್ ಶ್ರೀ ಅಕಾಲ್’. ಇದನ್ನು ನೀವಾಗಿ ಮೊದಲು ಹೇಳಿದರೆ ‘ನೀವು ಇಂಥವರು’ ಎಂದು ಎದುರಿನವರ ಬಗ್ಗೆ ತೀರ್ಮಾನ ಕೊಟ್ಟಂತೆ. ಇಲ್ಲವೇ ‘ನಾನು ಇಂಥವನು, ನೀವೂ ಅದೇ ಅಲ್ಲವೇ?’ ಎಂದು ಕೇಳಿದಂತೆ.

ಮೂರನೆಯದು ಹಾರೈಕೆ. ಯಾರೋ ಒಬ್ಬರು ಮೇಲಿನಿಂದ ಒಳ್ಳೆಯದು ಮಾಡಲಿ ಎಂಬ ಮಾತು. ಇದು ಎದುರಿನವರ ಬಗ್ಗೆ ಏನೂ ತೀರ್ಮಾನಿಸುವುದಿಲ್ಲ, ಆದರೆ ನಮ್ಮ ನಂಬಿಕೆಯನ್ನು ಅವರ ಕೈಗೆ ಕೊಡುತ್ತದೆ. ಕೊಟ್ಟದ್ದನ್ನು ಅವರು ಹಿಡಿಯಲೇಬೇಕಾಗುತ್ತದೆ, ಏಕೆಂದರೆ ಹಾರೈಸಿದವರಿಗೆ ‘ಬೇಡ’ ಎನ್ನುವ ರೂಢಿ ನಮ್ಮಲ್ಲಿಲ್ಲ.

ಎರಡನೆಯದರಲ್ಲಿ ತಪ್ಪುವುದು ಸುಲಭ, ಮೂರನೆಯದರಲ್ಲಿ ಒತ್ತಾಯ ಮಾಡುವುದು ಸುಲಭ. ಹಾಗಾಗಿ ಗೊತ್ತಿಲ್ಲದವರ ಮುಂದೆ ಮೊದಲನೆಯದರಿಂದ ಶುರು ಮಾಡಬೇಕು.

ಹೆಸರು, ವೇಷ, ಗೋಡೆಯ ಫೋಟೋ ನೋಡಿ ಊಹಿಸಬೇಡಿ

‘ಕೈಯಲ್ಲಿ ಪಟ್ಟಿ ಇದೆ, ಹೆಸರು ನೋಡಿದರೆ ಗೊತ್ತಾಗುತ್ತದಲ್ಲ’ ಎಂದು ಹೊಸಬರು ಹೇಳುತ್ತಾರೆ. ಬೇರೆ ಕಡೆ ಏನೋ, ಕಲಬುರಗಿ, ಬೀದರ, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಹೆಸರು ನಂಬಿ ನಡೆದರೆ ಖಂಡಿತ ಎಡವುತ್ತೀರಿ.

ಖಾಜಪ್ಪ, ಸೈದಪ್ಪ, ಹುಸೇನಪ್ಪ, ಮೌಲಪ್ಪ, ಫಕೀರಪ್ಪ ಎಂಬ ಹೆಸರಿನ ಹಿಂದೂಗಳು ಇಲ್ಲಿ ಊರೂರಿಗೆ ಸಿಗುತ್ತಾರೆ. ಕಲಬುರಗಿಯ ಖಾಜಾ ಬಂದೇನವಾಜ ದರ್ಗಾಕ್ಕೋ, ಆಳಂದದ ಲಾಡ್ಲೇ ಮಶಾಕ್ ದರ್ಗಾಕ್ಕೋ ಹರಕೆ ಹೊತ್ತು ಹುಟ್ಟಿದ ಮಗನಿಗೆ ಆ ನೆನಪಿನ ಹೆಸರಿಡುವುದು, ಮೊಹರಮ್ಮಿನ ಅಲಾಯಿ ದೇವರಿಗೆ ಬೇಡಿಕೊಂಡು ಹುಟ್ಟಿದವನಿಗೆ ಹುಸೇನಪ್ಪ ಎನ್ನುವುದು ತಲೆಮಾರುಗಳಿಂದ ಬಂದ ರೂಢಿ. ಅಡ್ಡಹೆಸರಂತೂ ಇನ್ನೂ ಕಡಿಮೆ ಹೇಳುತ್ತದೆ. ಪಾಟೀಲ, ಪಟೇಲ, ಇನಾಮದಾರ, ಜಮಾದಾರ ಇವೆಲ್ಲ ಹಳೆಯ ಹುದ್ದೆಯಿಂದಲೋ ಇನಾಮು ಭೂಮಿಯಿಂದಲೋ ಬಂದವು. ಒಂದೇ ಅಡ್ಡಹೆಸರು ಲಿಂಗಾಯತರಲ್ಲೂ ಇರುತ್ತದೆ, ಮುಸ್ಲಿಮರಲ್ಲೂ ಇರುತ್ತದೆ. ಬೀದರದಲ್ಲಿ ಮೆಥಡಿಸ್ಟ್ ಸಭೆಯ ಕುಟುಂಬಗಳಿವೆ. ಅವರಲ್ಲಿ ಪ್ರಭಾಕರ, ಸುಧಾಕರ ಎಂಬಂಥ ಹೆಸರುಗಳೂ ಇರುತ್ತವೆ, ಆ ಹೆಸರು ನೋಡಿ ಯಾರಿಗೂ ಚರ್ಚು ನೆನಪಾಗುವುದಿಲ್ಲ.

ಭಾಷೆಯೂ ಗುರುತಲ್ಲ. ಈ ಪ್ರದೇಶ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಕಾಲದಲ್ಲಿ ಉರ್ದುವಿನಲ್ಲಿ ಓದಿದ ಹಿಂದೂ ಮನೆತನಗಳ ಮಾತಿನಲ್ಲಿ ಇಂದಿಗೂ ದಖನಿ ಸಲೀಸಾಗಿ ಹರಿಯುತ್ತದೆ. ಮನೆಯಲ್ಲಿ ಶುದ್ಧ ಕಲಬುರಗಿ ಕನ್ನಡ ಆಡುವ ಮುಸ್ಲಿಮರು ಹಳ್ಳಿಗಳಲ್ಲಿ ಎಷ್ಟೋ ಜನ.

ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಟೋಪಿ, ಕೊರಳಲ್ಲಿ ಶಿಲುಬೆ ಇದ್ದರೆ ಅದು ಆ ವ್ಯಕ್ತಿಯೇ ಹೇಳಿದ ಮಾತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಏನೂ ಗೊತ್ತಾದಂತಲ್ಲ. ಗೋಡೆಯ ಮೇಲಿನ ಫೋಟೋಗಳು ಮನೆಯ ಯಾರೋ ಒಬ್ಬರು ತೂಗುಹಾಕಿದವು, ಬಾಗಿಲು ತೆರೆದವರೇ ಹಾಕಿದ್ದಾರೆ ಎನ್ನಲಾಗದು.

ಇಲ್ಲಿ ಒಂದು ಮಾತು ಹೇಳಬೇಕು. ‘ನಮ್ಮ ಕಡೆ ಎಲ್ಲರೂ ಕೂಡಿ ಬಾಳಿದವರು, ಇಷ್ಟೆಲ್ಲಾ ಯೋಚನೆ ಯಾಕೆ?’ ಎಂದು ಕೇಳುವವರಿದ್ದಾರೆ. ಕೂಡಿ ಬಾಳಿದ್ದು ನಿಜ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರನ ಜಾತ್ರೆಯ ಜೈಕಾರದಲ್ಲಿ ‘ಪೀರ್’ ಎಂಬ ಪದವೇ ಇದೆ. ಬೀದರ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ ಗುಮ್ಮಟದ ಉರುಸಿಗೆ ಜಂಗಮರು ಬರುವ ಸಂಪ್ರದಾಯವಿದೆ. ಆದರೆ ದರ್ಗಾಕ್ಕೆ ಸಕ್ಕರೆ ಓದಿಸಿ ಬಂದ ಅಜ್ಜಿ ಮನೆಗೆ ಬಂದವರಿಗೆ ‘ನಮಸ್ಕಾರ್ರೀ’ ಎನ್ನುತ್ತಾಳೆ, ಸಲಾಂ ಅಲ್ಲ. ಹೋಗುವ ಜಾಗ ಒಂದೇ ಆದ ಮಾತ್ರಕ್ಕೆ ಬಾಯಿಯ ಮಾತೂ ಒಂದೇ ಆಗುವುದಿಲ್ಲ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು, ಅದಕ್ಕೇ ಅವರಿಗೆ ಕೂಡಿ ಬಾಳಲು ಆಯಿತು.

ಬಾಗಿಲಲ್ಲಿ ಏನು ಹೇಳಬೇಕು, ಕೈ ಎಲ್ಲಿರಬೇಕು

‘ನಮಸ್ಕಾರ್ರೀ’ ಸಾಕು. ಅದಕ್ಕೆ ಕರೆಯುವ ಪದ ಸೇರಿಸಿದರೆ ಬಿಸುಪು ಬರುತ್ತದೆ, ಆ ಬಿಸುಪಿಗಾಗಿಯೇ ಎಷ್ಟೋ ಜನ ದೇವರ ಹೆಸರು ಸೇರಿಸುವುದು. ‘ನಮಸ್ಕಾರ್ರೀ ಕಾಕಾ’, ‘ನಮಸ್ಕಾರ್ರೀ ಯಕ್ಕಾ’, ‘ನಮಸ್ಕಾರ್ರೀ ಅಣ್ಣಾ’. ಮುದುಕರಿಗೆ ‘ಮುತ್ಯಾ’, ಅಜ್ಜಿಯರಿಗೆ ‘ಆಯಿ’ ಅಥವಾ ‘ಅವ್ವಾ’. ‘ಕಾಕಾ’ ಎಲ್ಲ ಮನೆಗಳಲ್ಲೂ ನಡೆಯುತ್ತದೆ. ‘ಭಯ್ಯಾ’, ‘ಚಾಚಾ’, ‘ಆಪಾ’ ಎಂಬವನ್ನು ಮಾತ್ರ ಅವರು ದಖನಿಯಲ್ಲಿ ಮಾತು ಶುರು ಮಾಡಿದ ಮೇಲೆ ಬಳಸಿ, ಮೊದಲೇ ಹೇಳಿದರೆ ಅದೂ ಊಹೆಯೇ ಆಗುತ್ತದೆ. ವಯಸ್ಸೂ ಗೊತ್ತಾಗದಿದ್ದರೆ ‘ಸರ’, ‘ಮೇಡಂ’, ಇಲ್ಲವೇ ಬರೀ ‘ರೀ’ ಸಾಕು.

ಕೈ ಮುಗಿಯುವುದರಿಂದ ಸಾಮಾನ್ಯವಾಗಿ ಯಾರಿಗೂ ಬೇಸರವಿಲ್ಲ. ಆದರೂ ಬಲಗೈಯನ್ನು ಎದೆಯ ಮೇಲಿಟ್ಟು ತಲೆ ತುಸು ಬಾಗಿಸುವುದು ಇನ್ನೂ ನಿರಾಳ. ಹೈದರಾಬಾದ್ ಕಾಲದ ‘ಆದಾಬ್’ ನೆನಪಿರುವ ಹಿರಿಯರಿಗೆ ಅದು ಪರಿಚಿತ, ಮಿಕ್ಕವರಿಗೂ ಅರ್ಥವಾಗುತ್ತದೆ. ಬೇರೆಯವರ ಮನೆಯ ಹೆಂಗಸರಿಗೆ ಗಂಡಸು ಮೊದಲು ಕೈ ಚಾಚಬಾರದು.

ಕಾಲಿಗೆ ಬೀಳುವುದರ ಬಗ್ಗೆ ಎಚ್ಚರ ಬೇಕು. ನಮ್ಮಲ್ಲಿ ಹಿರಿಯರ ಕಾಲು ಮುಟ್ಟುವುದು ಪ್ರೀತಿಯಿಂದ ಬರುವ ಅಭ್ಯಾಸ. ಆದರೆ ಮನುಷ್ಯರ ಮುಂದೆ ಬಾಗಿ ಕಾಲು ಮುಟ್ಟುವುದನ್ನು ಅನೇಕ ಮುಸ್ಲಿಂ ಹಿರಿಯರು ಒಪ್ಪುವುದಿಲ್ಲ, ಕೆಲವು ಕ್ರೈಸ್ತ ಮನೆಗಳಲ್ಲೂ ಒಪ್ಪುವುದಿಲ್ಲ. ಅವರು ಗಾಬರಿಯಿಂದ ಹಿಂದೆ ಸರಿದರೆ ಇಬ್ಬರಿಗೂ ಮುಜುಗರ. ಜೊತೆಗೆ, ಕಾಲು ಮುಟ್ಟಿದರೆ ಅವರು ಆಶೀರ್ವಾದ ಮಾಡಲೇಬೇಕಾಗುತ್ತದೆ. ಮೊದಲ ಭೇಟಿಯಲ್ಲಿ ಅಷ್ಟು ಕೇಳುವುದು ಬೇಡ.

ಅವರ ಮಾತಿಗೆ ಅವರದೇ ಮಾತಿನಲ್ಲಿ ಉತ್ತರ

ನೀವು ಸಾದಾ ನಮಸ್ಕಾರ ಹೇಳಿ ಸುಮ್ಮನಾದರೆ ಎದುರಿನವರು ತಾವಾಗಿಯೇ ತಮ್ಮ ಮಾತು ಹೊರಗಿಡುತ್ತಾರೆ. ‘ಶರಣ್ರೀ, ಬರ್ರಿ’ ಎನ್ನಬಹುದು. ‘ಸಲಾಂ, ಆವೋ ಬೈಠೋ’ ಎನ್ನಬಹುದು. ‘ಜೈ ಭೀಮ್’ ಎನ್ನಬಹುದು. ಅಲ್ಲಿಗೆ ಊಹೆಯ ಕೆಲಸ ಮುಗಿಯಿತು, ಅವರೇ ದಾರಿ ತೋರಿಸಿದ್ದಾರೆ.

ಉತ್ತರ ಕೊಡುವುದಕ್ಕೂ ಮೊದಲು ಹೇಳುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಮೊದಲು ಹೇಳಿದರೆ ಊಹೆ, ಉತ್ತರವಾಗಿ ಹೇಳಿದರೆ ಗೌರವ. ‘ಶರಣ್ರೀ’ ಎಂದವರಿಗೆ ‘ಶರಣು ಶರಣಾರ್ಥಿ’ ಎನ್ನಿ. ‘ಜೈ ಭೀಮ್’ ಎಂದವರಿಗೆ ‘ಜೈ ಭೀಮ್’ ಎನ್ನಿ; ಅದು ಬಾಬಾಸಾಹೇಬರಿಗೆ ಸಲ್ಲಿಸುವ ಗೌರವ, ಅದರಲ್ಲಿ ಪೂಜೆ ಇಲ್ಲ, ಹಾಗಾಗಿ ಯಾವ ನಂಬಿಕೆಯವರಿಗೂ ಅಡ್ಡಿಯಾಗಬೇಕಿಲ್ಲ. ‘ಅಸ್ಸಲಾಮು ಅಲೈಕುಂ’ ಎಂದವರಿಗೆ ‘ವಾಲೈಕುಂ ಸಲಾಂ’ ಎನ್ನಬಹುದು. ತಮಗೆ ಹೇಳಿದ ವಂದನೆಗೆ ಅದಕ್ಕಿಂತ ಚೆನ್ನಾಗಿ, ಇಲ್ಲವೇ ಅಷ್ಟೇ ಚೆನ್ನಾಗಿ ಮರುವಂದನೆ ಹೇಳಬೇಕೆಂದು ಕುರಾನಿನಲ್ಲೇ ಇದೆ, ಹಾಗಾಗಿ ಸಲಾಂ ಹೇಳಿದವರು ಉತ್ತರಕ್ಕೆ ಕಾಯುತ್ತಾರೆ. ಉತ್ತರಿಸದೆ ಸುಮ್ಮನೆ ತಲೆಯಾಡಿಸಿದರೆ ಕೊರತೆ ಅನಿಸುತ್ತದೆ. ನಿಮ್ಮ ಬಾಯಿಗೆ ಅದು ಹೊಂದದಿದ್ದರೆ ‘ಸಲಾಂರೀ, ನಮಸ್ಕಾರ’ ಎಂದರೂ ಆಯಿತು.

ಅವರು ಹೇಳಿದ್ದಕ್ಕಿಂತ ಉದ್ದ ಮಾತ್ರ ಹೇಳಬೇಡಿ. ಸಿನಿಮಾದಲ್ಲಿ ಕೇಳಿದ ಅರಬ್ಬೀ ಮಾತು, ಯಾರೋ ಕಲಿಸಿದ ಮಂತ್ರದ ತುಣುಕು, ಅರ್ಧ ವಚನ ಇವನ್ನೆಲ್ಲ ಸೇರಿಸಿದರೆ ಪ್ರದರ್ಶನವಾಗುತ್ತದೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ, ಮನಸ್ಸಿನಲ್ಲಿ ‘ಏನೋ ಕೆಲಸ ಆಗಬೇಕಾಗಿದೆ’ ಅಂದುಕೊಳ್ಳುತ್ತಾರೆ.

ಅವರು ಏನೂ ಸುಳಿವು ಕೊಡದೆ ‘ಹಾಂ, ಬರ್ರಿ’ ಎಂದಷ್ಟೇ ಹೇಳಿದರೆ ಅದೂ ಉತ್ತರವೇ. ತಮ್ಮ ನಂಬಿಕೆಯನ್ನು ಬಾಗಿಲಲ್ಲಿ ಹೇಳುವ ಮನಸ್ಸಿಲ್ಲ ಎಂದರ್ಥ. ಆಗ ‘ನೀವು ಯಾರ ಪೈಕಿ ರೀ?’ ಎಂದು ಕೇಳಲೇಬಾರದು. ನಮ್ಮ ಕಡೆ ಆ ಪ್ರಶ್ನೆ ಧರ್ಮದಲ್ಲಿ ಶುರುವಾಗಿ ಜಾತಿಯಲ್ಲಿ ಮುಗಿಯುತ್ತದೆ. ಆ ಪ್ರಶ್ನೆಗೆ ಉತ್ತರಿಸಿ, ಆಮೇಲೆ ನೀರು ಕೊಟ್ಟ ಲೋಟವನ್ನು ಎದುರಿನವರು ಮುಟ್ಟದೆ ಎದ್ದುಹೋದದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. ಹಾರೈಸುವ ಆಸೆಗೆ ಅವರನ್ನು ಮತ್ತೆ ಅಲ್ಲಿಗೆ ಎಳೆಯಬಾರದು.

ಹೊರಡುವಾಗ: ಹಾರೈಕೆಗೆ ದೇವರು ಬೇಕೇ?

ಕೆಲಸ ಮುಗಿದು ಎದ್ದಾಗ ಹಾರೈಸುವುದು ಚೆಂದ, ಅದರಲ್ಲೂ ಆ ಮನೆಯಲ್ಲಿ ರೋಗವೋ, ಬಾಣಂತನವೋ, ಪರೀಕ್ಷೆಯೋ ಇದ್ದರೆ. ಆಗ ಎರಡು ಪ್ರಶ್ನೆಗಳನ್ನು ನಿಮಗೇ ಕೇಳಿಕೊಳ್ಳಿ.

ಮೊದಲನೆಯದು: ಮಾತಿನ ನಡುವೆ ಅವರಾಗಿ ದೇವರ ಹೆಸರು ತೆಗೆದರೇ? ‘ದೇವರು ದೊಡ್ಡಾಂವ ಅದಾನ್ರಿ’ ಎಂದವರಿಗೆ ‘ದೇವರು ಛಲೋ ಮಾಡ್ತಾನ್ರಿ’ ಎನ್ನಲು ಯಾವ ಅಡ್ಡಿಯೂ ಇಲ್ಲ. ‘ದೇವರು’ ಎಂಬುದು ನಮ್ಮಲ್ಲಿ ಎಲ್ಲಕ್ಕಿಂತ ಅಗಲವಾದ ಪದ. ಕನ್ನಡ ಬೈಬಲ್ ಅದನ್ನೇ ಬಳಸುತ್ತದೆ, ಕನ್ನಡ ಮಾತಾಡುವ ಮುಸ್ಲಿಮರೂ ಬಳಸುತ್ತಾರೆ, ಗುಡಿಗೆ ಹೋಗುವವರಿಗಂತೂ ಮನೆಮಾತು. ಅಷ್ಟು ಅಗಲವಾದರೂ ಅದರ ಹೊರಗೆ ಉಳಿಯುವವರಿದ್ದಾರೆ. ಕಲಬುರಗಿಯ ಬುದ್ಧ ವಿಹಾರಕ್ಕೆ ಹೋಗುವ ಎಷ್ಟೋ ಕುಟುಂಬಗಳು ಬೌದ್ಧ ಧಮ್ಮವನ್ನು ಒಪ್ಪಿಕೊಂಡವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ದೇವರೆಂದು ನಂಬುವುದಿಲ್ಲ, ಪೂಜಿಸುವುದಿಲ್ಲ ಎಂಬುದೇ ಮೊದಲು ಬರುತ್ತದೆ. ಅಂಥವರಿಗೆ ‘ದೇವರು ಕಾಪಾಡ್ಲಿ’ ಎಂದರೆ, ಅವರ ಹಿರಿಯರು ಯೋಚಿಸಿ ಬಿಟ್ಟುಬಂದದ್ದನ್ನು ಮತ್ತೆ ಕೈಗೆ ಕೊಟ್ಟಂತೆ. ನಾಸ್ತಿಕರಿಗೂ ಹಾಗೆಯೇ.

ಅವರು ದೇವರ ಹೆಸರು ತೆಗೆಯದಿದ್ದರೆ ನೀವೂ ತೆಗೆಯಬೇಡಿ. ಹಾರೈಕೆ ಮಾತ್ರ ಬಿಡಬೇಕಿಲ್ಲ, ಮಾಡುವವರ ಹೆಸರಿಲ್ಲದೆಯೂ ನಮ್ಮ ಮಾತಿನಲ್ಲಿ ಹಾರೈಸಬಹುದು. ‘ಛಲೋ ಆಗ್ಲಿ ರೀ’, ‘ಲಗೂನ ಆರಾಮ ಆಗ್ಲಿ’, ‘ಮಕ್ಕಳು ಶ್ಯಾಣ್ಯಾ ಆಗ್ಲಿ’, ‘ನೂರು ವರ್ಷ ಬಾಳ್ಲಿ’. ಇವು ಬಡಕಲು ಮಾತುಗಳಲ್ಲ. ನಮ್ಮ ಮುದುಕಿಯರು ದಿನವೂ ಇದನ್ನೇ ಹೇಳಿ ಕಳಿಸುತ್ತಾರೆ.

ಎರಡನೆಯ ಪ್ರಶ್ನೆ: ಅವರ ಮೇಲೆ ನನಗೆ ಏನಾದರೂ ಹಿಡಿತ ಇದೆಯೇ? ಪಿಂಚಣಿ ಅರ್ಜಿ ನಿಮ್ಮ ಕೈಯಲ್ಲಿದ್ದರೆ, ಸಾಲದ ಕಂತು ನೀವು ಬರೆದುಕೊಳ್ಳುವವರಾದರೆ, ಮಗುವಿನ ಶಾಲೆಯ ದಾಖಲಾತಿ ನಿಮ್ಮಿಂದ ಆಗಬೇಕಿದ್ದರೆ, ನಿಮ್ಮ ದೇವರ ಹೆಸರಿಗೆ ಅವರು ‘ಹೂಂ’ ಎಂದೇ ತೀರಬೇಕು. ಅದು ಒಪ್ಪಿಗೆಯಲ್ಲ. ಅರ್ಜಿ ನಿಂತೀತು ಎಂಬ ಅಂಜಿಕೆಯೂ ಅದರಲ್ಲಿ ಸೇರಿರುತ್ತದೆ. ಆದ್ದರಿಂದ ಹುದ್ದೆಯ ಕೆಲಸಕ್ಕೆ ಹೋದಾಗ ಒಂದು ಗೆರೆ ಹಾಕಿಕೊಳ್ಳಿ: ಅವರು ದೇವರನ್ನು ನೆನೆದರೆ ಅವರ ಮಾತಿಗೆ ದನಿಗೂಡಿಸಿ, ನಿಮ್ಮ ಗುಡಿ, ಮಸೀದಿ, ಚರ್ಚಿನ ಹೆಸರನ್ನು ನೀವಾಗಿ ತರಬೇಡಿ. ನೆರೆಮನೆಯವರಾಗಿ, ಬಸ್ಸಿನ ಸಹಪ್ರಯಾಣಿಕರಾಗಿ ಮಾತಾಡುವಾಗ ಈ ಗೆರೆ ಇಷ್ಟು ಬಿಗಿಯಾಗಿರಬೇಕಿಲ್ಲ. ಆಗ ‘ನಮ್ಮ ಶರಣಬಸಪ್ಪಗ ನಿಮ್ಮ ಸಲುವಾಗಿ ಬೇಡ್ಕೋತೀನ್ರಿ’ ಎಂದು ನಿಮ್ಮದನ್ನು ನಿಮ್ಮದೆಂದೇ ಹೇಳಬಹುದು. ಕೇಳಿದವರು ಅದನ್ನು ನಂಬಬೇಕಿಲ್ಲ, ನಿಮ್ಮ ಪ್ರೀತಿಯನ್ನಷ್ಟೇ ತೆಗೆದುಕೊಳ್ಳಬಹುದು.

ಒಂದು ಮನೆ, ಮೂರು ನಂಬಿಕೆ

ಇದೆಲ್ಲ ಒಂದೇ ಭೇಟಿಯಲ್ಲಿ ಹೇಗೆ ಬರುತ್ತದೆ ಎಂಬುದಕ್ಕೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಶಹಾಬಾದಿನ ಒಂದು ಓಣಿ. ಆ ವಾರ್ಡಿನ ಆಶಾ ಕಾರ್ಯಕರ್ತೆ ಊರಲ್ಲಿಲ್ಲ, ಪಕ್ಕದ ವಾರ್ಡಿನವಳು ಬದಲಿಗೆ ಹೋಗಿದ್ದಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮಗುವನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಇದು ಏಳನೇ ದಿನದ ಭೇಟಿ. ಪಟ್ಟಿಯಲ್ಲಿ ಬಾಣಂತಿಯ ಗಂಡನ ಹೆಸರು ಸೈದಪ್ಪ ಎಂದಿದೆ. ಆಶಾಳ ಸ್ವಂತ ಮನೆ ಲಿಂಗಾಯತರದು, ‘ಶರಣಬಸಪ್ಪ’ ಎಂಬ ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಬಾಗಿಲು ತೆರೆದದ್ದು ಅತ್ತೆ. ‘ನಮಸ್ಕಾರ್ರೀ ಆಯಿ, ಬಾಣಂತಿ ನೋಡ್ಲಾಕ ಬಂದೀನ್ರಿ. ನಿಮ್ಮ ಓಣಿ ಆಶಾ ಊರಿಗಿ ಹೋಗ್ಯಾಳ, ನಾ ಬಾಜೂ ವಾರ್ಡಿನಾಕಿ.’ ಆಯಿ ‘ಬಾ ಯವ್ವಾ, ಕೂಡು’ ಎನ್ನುತ್ತಾಳೆ. ಸುಳಿವಿಲ್ಲ. ಒಳಗೆ ಗೋಡೆಯ ಮೇಲೆ ಅಂಬೇಡ್ಕರರ ಫೋಟೋ, ಪಕ್ಕದಲ್ಲಿ ಗಾಣಗಾಪುರದ ದತ್ತಾತ್ರೇಯ. ಇದರಿಂದಲೂ ಏನೂ ಹೇಳಲಾಗದು. ಆಶಾ ಕೈ ತೊಳೆದು ಕೆಲಸ ಶುರು ಮಾಡುತ್ತಾಳೆ.

ಈಗ ಒಂದು ನಾಜೂಕಾದ ಘಳಿಗೆ ಬರುತ್ತದೆ. ಮಗುವನ್ನು ಎತ್ತಿಕೊಂಡವರು ಏನಾದರೂ ಒಳ್ಳೆಯ ಮಾತಾಡಬೇಕು. ಆದರೆ ‘ಎಷ್ಟು ಛಂದ ಅದ!’ ಎಂದು ಬರೀ ಹೊಗಳಿದರೆ ನಮ್ಮ ಕಡೆಯ ಬಹಳ ಮನೆಗಳಲ್ಲಿ ದೃಷ್ಟಿಯ ಅಂಜಿಕೆ ಹುಟ್ಟುತ್ತದೆ. ಮುಸ್ಲಿಂ ಮನೆಗಳಲ್ಲಿ ಹೊಗಳಿಕೆಯ ಜೊತೆಗೆ ‘ಮಾಶಾ ಅಲ್ಲಾಹ್’ ಬರುತ್ತದೆ, ಹಿಂದೂ ಮನೆಗಳಲ್ಲಿ ನಿವಾಳಿಸಿ ನೆಟಿಗೆ ಮುರಿಯುತ್ತಾರೆ. ಹಾರೈಕೆ ಇಲ್ಲದಿರುವುದೇ ತಪ್ಪಾಗುವ ಅಪರೂಪದ ಜಾಗ ಇದು. ಆಶಾ ಮೊದಲು ಹಾರೈಸುತ್ತಾಳೆ, ಆಮೇಲೆ ಮಾತು: ‘ನೂರು ವರ್ಷ ಬಾಳ್ಲಿ ಕೂಸು. ತೂಕ ನೋಡೂನು.’ ತೂಕ 2 ಕಿಲೋ 300 ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆ, ಆದ್ದರಿಂದ ಮಗುವನ್ನು ಬೆಚ್ಚಗಿಡಬೇಕು, ಎದೆಹಾಲು ಮೇಲಿಂದ ಮೇಲೆ ಕುಡಿಸಬೇಕು ಎಂದು ತಿಳಿಸಿ ಹೇಳುತ್ತಾಳೆ.

ಆಗ ಆಯಿ ಬಾಯಿ ಬಿಡುತ್ತಾಳೆ. ‘ಖಾಜಾಗ ಬೇಡಿಕೊಂಡಿದ್ದೆ ಯವ್ವಾ. ಅಂವ ಕೊಟ್ಟ ಕೂಸು ಇದು. ಅಂವನ ದೊಡ್ಡದು ಮಾಡ್ತಾನ.’ ಈಗ ಗೊತ್ತಾಯಿತು, ಆಯಿಯ ಹರಕೆ ಬಂದೇನವಾಜರಿಗೆ. ಆಶಾ ‘ಹೌದ್ರಿ ಆಯಿ, ದೇವರು ದೊಡ್ಡದು ಮಾಡ್ತಾನ’ ಎನ್ನುತ್ತಾಳೆ. ‘ಖಾಜಾ’ ಎಂಬ ಹೆಸರನ್ನೇ ತಾನೂ ಹಿಡಿಯಬಹುದಿತ್ತು, ತಪ್ಪೇನಿಲ್ಲ. ಆದರೆ ಬಾಣಂತಿ ಇನ್ನೂ ಒಂದು ಮಾತೂ ಆಡಿಲ್ಲ. ಹರಕೆ ಅತ್ತೆಯದು, ಸೊಸೆಯದೇ ಎಂದು ಹೇಳಲಾಗದು. ಹಾಗಾಗಿ ಅಗಲವಾದ ಪದವೇ ಮೇಲು. ಬಾಣಂತಿಯ ಕಡೆ ತಿರುಗಿದಾಗ ಆ ಪದವೂ ಬೇಡ: ‘ನೀ ಹೊಟ್ಟಿ ತುಂಬ ಉಣ್ಣು ತಂಗಿ, ಲಗೂನ ಶಕ್ತಿ ಬರ್ಲಿ.’

ಅಷ್ಟರಲ್ಲಿ ಸೈದಪ್ಪ ಕೆಲಸದಿಂದ ಬಂದು ‘ಜೈ ಭೀಮ್ ಮೇಡಂ’ ಎನ್ನುತ್ತಾನೆ. ‘ಜೈ ಭೀಮ್ ಅಣ್ಣಾ’ ಎಂದು ಆಶಾ ಉತ್ತರಿಸುತ್ತಾಳೆ. ಅಂಬೇಡ್ಕರರ ಫೋಟೋ ಇವನದು, ದತ್ತಾತ್ರೇಯ ಬಹುಶಃ ಇನ್ಯಾರದೋ. ಅವನಿಗೆ ಹೇಳುವಾಗ ಯಾವ ದೇವರೂ ಇಲ್ಲ: ‘ಕೂಸಿನ ತೂಕ ಏರಬೇಕು ಅಣ್ಣಾ. ಮೈ ತಣ್ಣಗಾದ್ರ, ಹಾಲು ಬಿಟ್ರ ದವಾಖಾನಿಗಿ ಲಗೂ ಕರ್ಕೊಂಡು ಬರ್ರಿ. ಛಲೋ ಆಗ್ಲಿ, ಹೋಗಿ ಬರ್ತೀನ್ರಿ.’

ಹೀಗೆ ಒಂದೇ ಮನೆಯಲ್ಲಿ ಮೂವರಿಗೆ ಮೂರು ಬಗೆ. ಬಾಗಿಲಲ್ಲೇ ‘ಶರಣಬಸಪ್ಪ ಕೂಸಿಗಿ ಆಯುಷ್ಯ ಕೊಡ್ಲಿ’ ಎಂದಿದ್ದರೆ ಆಯಿ ಬೇಸರಪಡುತ್ತಿರಲಿಲ್ಲ, ಬಹುಶಃ ಕೈಮುಗಿಯುತ್ತಿದ್ದಳು. ಆದರೆ ಖಾಜಾನ ಹರಕೆಯ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ, ಸೈದಪ್ಪನೂ ‘ಜೈ ಭೀಮ್’ ಎನ್ನಲು ಹಿಂಜರಿಯುತ್ತಿದ್ದ. ಮಗುವಿಗೆ ಮನೆಯವರು ಏನೇನು ಮಾಡುತ್ತಿದ್ದಾರೆ, ದರ್ಗಾದಿಂದ ತಂದ ನೀರು ಕುಡಿಸುತ್ತಿದ್ದಾರೆಯೇ ಎಂಬುದು ಆಶಾಳಿಗೆ ತಿಳಿಯಲೇಬೇಕಾದ ಸಂಗತಿ, ಏಕೆಂದರೆ ಆರು ತಿಂಗಳ ತನಕ ಮಗುವಿಗೆ ಎದೆಹಾಲು ಬಿಟ್ಟು ನೀರೂ ಕೊಡಬಾರದು. ಮನೆಯವರು ಮುಚ್ಚಿಟ್ಟರೆ ಅದು ಗೊತ್ತಾಗುವುದಿಲ್ಲ.

ತಪ್ಪಿದ್ದು ಹೇಗೆ ತಿಳಿಯುತ್ತದೆ, ಆಗ ಏನು ಮಾಡಬೇಕು

ಜನ ಮುಖದ ಮೇಲೆ ಹೇಳುವುದಿಲ್ಲ. ಆದರೆ ಗುರುತು ಕೊಡುತ್ತಾರೆ. ನೀವು ‘ಸಲಾಂ’ ಎಂದಾಗ ಅವರು ನಿಧಾನವಾಗಿ, ಒತ್ತಿ ‘ನಮಸ್ಕಾರ್ರೀ’ ಎಂದರೆ ಅದು ತಿದ್ದುಪಡಿ. ನೀವು ‘ದೇವರು ಛಲೋ ಮಾಡ್ಲಿ’ ಎಂದಾಗ ‘ಹೂಂ, ನಮ್ಮ ಕೈಲಿದ್ದದ್ದು ನಾವು ಮಾಡಬೇಕ್ರಿ’ ಎಂಬ ಉತ್ತರ ಬಂದರೆ ಅದೂ ತಿದ್ದುಪಡಿಯೇ. ಅಲ್ಲಿಯವರೆಗೆ ಉದ್ದವಾಗಿ ಮಾತಾಡುತ್ತಿದ್ದವರು ಒಂದೊಂದು ಪದಕ್ಕೆ ಇಳಿದರೂ ಗಮನಿಸಿ.

ಆಗ ದೊಡ್ಡ ಕ್ಷಮೆ ಕೇಳಬೇಡಿ. ‘ನಿಮ್ಮ ಹೆಸರು ನೋಡಿ ಹಂಗ ಅನ್ಕೊಂಡೆ’ ಎಂಬ ವಿವರಣೆಯಂತೂ ಬೇಡವೇ ಬೇಡ, ಅದು ಊಹೆಯನ್ನು ಎರಡನೇ ಸಲ ಹೇಳಿದಂತೆ. ಅವರು ಬಳಸಿದ ಪದವನ್ನು ಹಿಡಿದು ‘ನಮಸ್ಕಾರ್ರೀ ಕಾಕಾ’ ಎಂದು ಮುಂದುವರಿಯಿರಿ, ಹೊರಡುವಾಗಲೂ ಅದನ್ನೇ ಹೇಳಿ. ಮುಂದಿನ ಭೇಟಿಗೆ ನೆನಪಿಟ್ಟುಕೊಳ್ಳಿ, ಆದರೆ ಪಟ್ಟಿಯಲ್ಲಿ ಹೆಸರಿನ ಪಕ್ಕ ಧರ್ಮವನ್ನು ಬರೆದುಕೊಳ್ಳಬೇಡಿ. ಆ ಕಾಗದ ಯಾರ ಕೈ ಸೇರುತ್ತದೋ ಹೇಳಲಾಗದು.

ಸಾವಿನ ಮನೆ

ಇದು ಬೇರೆಯೇ ಮಾತು, ಇಲ್ಲಿ ತಪ್ಪಿದರೆ ನೋವು ಆಳಕ್ಕೆ ಇಳಿಯುತ್ತದೆ. ‘ದೇವರು ಅವರ ಆತ್ಮಕ್ಕ ಶಾಂತಿ ಕೊಡ್ಲಿ’ ಎಂಬುದು ಎಲ್ಲರಿಗೂ ಒಪ್ಪುವ ಮಾತೆಂದು ನಾವು ತಿಳಿದಿದ್ದೇವೆ. ಬೌದ್ಧರು ನಿತ್ಯವಾದ ಆತ್ಮವನ್ನೇ ಒಪ್ಪುವುದಿಲ್ಲ. ಲಿಂಗಾಯತರಲ್ಲಿ ತೀರಿಹೋದವರು ಲಿಂಗೈಕ್ಯರಾದರು ಎನ್ನುತ್ತಾರೆ, ಅವರಿಗೆ ಶಾಂತಿ ಬೇಡುವ ಮಾತು ಅಷ್ಟಾಗಿ ಹೊಂದುವುದಿಲ್ಲ. ಮುಸ್ಲಿಮರಲ್ಲಿ ತೀರಿಕೊಂಡವರಿಗಾಗಿ ಬೇಡುವುದು ಮಗಫಿರತ್, ಅಂದರೆ ಕ್ಷಮೆ. ಉಳಿದವರಿಗೆ ಹಾರೈಸುವುದು ಸಬರ್, ಅಂದರೆ ತಾಳ್ಮೆ.

ಯಾರೆಂದು ಗೊತ್ತಿಲ್ಲದಿದ್ದರೆ ತೀರಿಕೊಂಡವರ ಮುಂದಿನ ಗತಿಯ ಬಗ್ಗೆ ಏನೂ ಹೇಳಬೇಡಿ. ಉಳಿದವರ ಬಗ್ಗೆ ಮಾತಾಡಿ. ‘ಭಾಳ ಕೆಟ್ಟ ಅನಿಸ್ತು ರೀ’, ‘ನಿಮಗ ತಡಕೊಳ್ಳೋ ಶಕ್ತಿ ಬರ್ಲಿ’, ‘ಏನಾರ ಬೇಕಾದ್ರ ಹೇಳ್ರಿ, ನಾವ ಅದೀವಿ’. ಮೌನವಾಗಿ ಸ್ವಲ್ಪ ಹೊತ್ತು ಕೂತರೂ ಸಾಕು, ನಮ್ಮ ಕಡೆ ಅದನ್ನು ಯಾರೂ ಕೊರತೆ ಎನ್ನುವುದಿಲ್ಲ. ‘ಹೋಗಿ ಬರ್ತೀನಿ’ ಎಂಬ ಮಾತನ್ನು ಅಲ್ಲಿ ಹೇಳದೆ ಸುಮ್ಮನೆ ಎದ್ದು ಬರುವ ರೂಢಿ ಬಹಳ ಮನೆಗಳಲ್ಲಿದೆ, ಅದನ್ನು ಪಾಲಿಸಿ.

ಮೊಬೈಲಿನಲ್ಲಿ ಮೊದಲ ಸಂದೇಶ

ಗೊತ್ತಿಲ್ಲದ ನಂಬರಿಗೆ ದೇವರ ಚಿತ್ರವಿರುವ ಶುಭೋದಯ ಕಳಿಸಬೇಡಿ. ಬಾಗಿಲಲ್ಲಿ ಎದುರಿನವರ ಮುಖ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ, ತಿದ್ದುಪಡಿಯೂ ಬರುವುದಿಲ್ಲ. ‘ನಮಸ್ಕಾರ್ರೀ, ನಾನು ಇಂಥ ಕಚೇರಿಯಿಂದ, ಇಂಥ ಕೆಲಸಕ್ಕೆ ಬರೆಯುತ್ತಿದ್ದೇನೆ’ ಎಂದಷ್ಟೇ ಬರೆಯಿರಿ.

ಹಬ್ಬದ ಶುಭಾಶಯವನ್ನು ಎಲ್ಲ ನಂಬರಿಗೂ ಒಟ್ಟಿಗೆ ಕಳಿಸುವ ಅಭ್ಯಾಸವಿದ್ದರೆ ಮೊಹರಂ ಮತ್ತು ಗುಡ್ ಫ್ರೈಡೇ ಎರಡನ್ನು ಆ ಪಟ್ಟಿಯಿಂದ ತೆಗೆಯಿರಿ. ಮೊಹರಮ್ಮಿನ ಹತ್ತನೇ ದಿನ 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹತರಾದ ದಿನ, ಗುಡ್ ಫ್ರೈಡೇ ಯೇಸುವನ್ನು ಶಿಲುಬೆಗೇರಿಸಿದ ದಿನ. ಅಂದು ‘ಹಾರ್ದಿಕ ಶುಭಾಶಯಗಳು’ ಎಂದು ಬಂದರೆ ಓದಿದವರಿಗೆ ಹೇಗನಿಸೀತು ಯೋಚಿಸಿ. ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿತ, ಹುಲಿ ವೇಷ ಎಲ್ಲ ಇರುವುದರಿಂದ ಮೊಹರಂ ಸಂಭ್ರಮದ ಹಬ್ಬವೆಂದೇ ಬಹಳ ಜನ ತಿಳಿದಿದ್ದಾರೆ, ಕುಣಿಯುವವರ ಮನೆಯಲ್ಲಿ ಅದು ನಿಜವೂ ಹೌದು. ಸಂದೇಶ ಓದುವವರು ಕುಣಿಯುವವರೋ ಅಳುವವರೋ ನಿಮಗೆ ಗೊತ್ತಿಲ್ಲದಿದ್ದರೆ, ಆ ದಿನ ಏನೂ ಕಳಿಸದಿರುವುದೇ ಸರಿ.